ತರಿಸದ ಸರಕಿಗೆ ಬಂದ ಬಿಲ್ಲು

ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ನಡೆಸುವ ಒಂದು ಮನೆತನ ನಮಗೆ ಬಹುಕಾಲದಿಂದ ಪರಿಚಿತ. ಮೂರು ತಲೆಮಾರಿನ ಅಂಗಡಿ; ಕಿರ್ದಿಯನ್ನು ಇಂದಿಗೂ ಹಿರಿಯರೇ ತಮ್ಮ ಕೈಯಾರೆ ಬರೆಯುತ್ತಾರೆ. ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ತಮ್ಮನ ಮಗ ಅಂಗಡಿಗಾಗಿ ಒಂದು ಜಾಲತಾಣವನ್ನು ಸಿದ್ಧಪಡಿಸಿಕೊಟ್ಟ. ಅಂಗಡಿಯ ಹೆಸರಿನಲ್ಲಿಯೇ ಡಾಟ್ ಕಾಮ್ ವಿಳಾಸ ದೊರೆಯಿತು. ಸೊಲ್ಲಾಪುರ, ಪುಣೆಗಳಿಂದ ಸೀರೆಗೆ ಬೇಡಿಕೆ ಬರತೊಡಗಿತು. ಆ ವಿಳಾಸಕ್ಕೂ ಒಂದು ಬಾಡಿಗೆಯುಂಟು, ಅದನ್ನು ಕಾಲಕಾಲಕ್ಕೆ ಕಟ್ಟಬೇಕು ಎಂಬುದನ್ನು ಮಾತ್ರ ಯಾರೂ ಕಿರ್ದಿಯಲ್ಲಿ ಬರೆದಿಡಲಿಲ್ಲ.

ಕಳೆದ ವರ್ಷದ ಜೂನ್ ತಿಂಗಳಿನಲ್ಲಿ ಅಂಗಡಿಯ ಇ-ಅಂಚೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿತು. ಮೇಲ್ಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ, ಡೊಮೈನ್ ಅವಧಿ ಮುಗಿಯುವ ಬಗ್ಗೆ ಕೊನೆಯ ಸೂಚನೆ ಎಂಬ ಒಕ್ಕಣೆ. ಅದರ ಕೆಳಗೆ ಜಾಲತಾಣದ ಹೆಸರು ಒಂದಕ್ಷರವೂ ತಪ್ಪದಂತೆ ಇತ್ತು. ಅವಧಿ ಮುಗಿಯುವ ದಿನ ಸೆಪ್ಟೆಂಬರ್ 14 ಎಂಬುದೂ ಸರಿಯಾಗಿಯೇ ಇತ್ತು. ಒಂದು ವರ್ಷಕ್ಕೆ 86 ಡಾಲರ್, ಅಂದರೆ ನಮ್ಮ ಹಣದಲ್ಲಿ ಏಳು ಸಾವಿರ ರೂಪಾಯಿಗೂ ಮೇಲೆ. ಮಗನಿಗೆ ಕೊಂಚ ಅನುಮಾನವಾಯಿತು. ಹಿರಿಯರು ಮಾತ್ರ, “ಬಿಲ್ಲು ಬಂದೈತಿ ಅಂದಮ್ಯಾಲೆ ಕೊಡಬೇಕಲ್ಲಪಾ. ಮಂದಿ ಬಾಕಿ ಇಟ್ಕೊಂಡು ಕೂಡೋದು ನಮ್ಮ ಮನಿತನಕ್ಕ ಗೊತ್ತಿಲ್ಲ” ಎಂದರಂತೆ. ಕಾರ್ಡಿನ ಮೂಲಕ ಹಣ ಸಂದಾಯವಾಯಿತು.

ಆ ಪತ್ರವನ್ನು ಅನಂತರ ನಾವೂ ನೋಡಿದೆವು. ಅದರ ತೀರ ಕೆಳಗೆ, ಮಾಸಲು ಬಣ್ಣದ ಸಣ್ಣ ಅಕ್ಷರಗಳಲ್ಲಿ ನಾಲ್ಕು ಸಾಲುಗಳಿದ್ದವು. ಇದು ಬಿಲ್ಲಲ್ಲ, ಹಣ ಕೊಡಲೇಬೇಕೆಂಬ ಹಂಗು ತಮಗಿಲ್ಲ, ತಮ್ಮ ಜಾಲತಾಣವನ್ನು ಶೋಧಯಂತ್ರಗಳಿಗೆ ಪರಿಚಯಿಸುವ ಸೇವೆಯನ್ನು ನಾವು ಮಾರುತ್ತಿದ್ದೇವೆ, ಹೆಸರಿನ ನವೀಕರಣ ನಮ್ಮ ಕೆಲಸವಲ್ಲ, ಎಂಬುದು ಅದರ ಸಾರಾಂಶ. ಗೂಗಲ್ ಮೊದಲಾದ ಶೋಧಯಂತ್ರಗಳು ಜಾಲತಾಣಗಳನ್ನು ತಾವಾಗಿಯೇ ಹುಡುಕಿ ಸೇರಿಸಿಕೊಳ್ಳುತ್ತವೆ, ಅದಕ್ಕೆ ಯಾವ ಶುಲ್ಕವೂ ಇಲ್ಲ. ಹೀಗೆ ಅವರು ಮಾರಿದ್ದು ಪುಕ್ಕಟೆ ಸಿಗುವ ವಸ್ತುವನ್ನು. ಆ ನಾಲ್ಕು ಸಾಲುಗಳು ಗಿರಾಕಿಗಾಗಿ ಬರೆದವಲ್ಲ, ನ್ಯಾಯಾಲಯಕ್ಕಾಗಿ ಬರೆದವು ಎಂದೇ ನಮ್ಮ ಅಭಿಪ್ರಾಯ.

ಅವಧಿ ಮುಗಿಯುವ ದಿನ ಅವರಿಗೆ ಹೇಗೆ ತಿಳಿಯಿತು ಎಂದು ಹಿರಿಯರು ಬಹಳ ಬೆರಗುಪಟ್ಟರು. ಇದರಲ್ಲಿ ಕಳ್ಳತನವೇನೂ ಇಲ್ಲ. ಡಾಟ್ ಕಾಮ್‌ನಂತಹ ಪ್ರತಿಯೊಂದು ಹೆಸರಿನ ಆರಂಭ ಮತ್ತು ಅಂತ್ಯದ ದಿನಾಂಕಗಳು ಯಾರು ಬೇಕಾದರೂ ನೋಡಬಹುದಾದ ದಾಖಲೆಯಲ್ಲಿವೆ. 2018ರ ಮೇ ತಿಂಗಳವರೆಗೆ ಮಾಲೀಕರ ಹೆಸರು, ಮನೆಯ ವಿಳಾಸ, ದೂರವಾಣಿಗಳು ಕೂಡ ಅಲ್ಲಿ ಸಾಮಾನ್ಯವಾಗಿ ತೆರೆದೇ ಇರುತ್ತಿದ್ದವು. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಬಂದ ಮೇಲೆ ಅವುಗಳಿಗೆ ಮರೆ ಬಿದ್ದಿತು. ಆದರೆ ಅಂಗಡಿಕಾರನು ಗಿರಾಕಿಗಳಿಗೆಂದು ತನ್ನ ಜಾಲತಾಣದಲ್ಲಿಯೇ ಇ-ಅಂಚೆಯ ವಿಳಾಸವನ್ನು ಪ್ರಕಟಿಸಿರುತ್ತಾನಲ್ಲ, ಅಷ್ಟು ಸಾಕು.

ಈ ವಿದ್ಯೆ ಹೊಸದೂ ಅಲ್ಲ. ಅಮೆರಿಕದಲ್ಲಿ ‘ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಸರ್ಕಾರಿ ಗತ್ತಿನ ಹೆಸರಿನ ಸಂಸ್ಥೆಯೊಂದು ಜನರ ಮನೆಗಳಿಗೆ ಅಂಚೆಯಲ್ಲಿ ಇಂತಹವೇ ಕಾಗದಗಳನ್ನು ಕಳುಹಿಸುತ್ತಿತ್ತು. ನವೀಕರಣವೆಂದು ತಿಳಿದು ಹಣ ಕೊಟ್ಟವರು ತಮಗರಿಯದೆಯೇ ತಮ್ಮ ಹೆಸರನ್ನು ಆ ಸಂಸ್ಥೆಗೆ ವರ್ಗಾಯಿಸಲು ಒಪ್ಪಿಗೆ ಕೊಟ್ಟಂತಾಗುತ್ತಿತ್ತು. 2003ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ನ್ಯಾಯಾಲಯಕ್ಕೆ ಎಳೆಯಿತು. ಆದರೂ ಕಾಗದಗಳು ನಿಲ್ಲಲಿಲ್ಲ. ಇಳಕಲ್ಲಿಗೆ ಬಂದದ್ದು ಆ ಜಾತಿಯ ಕಾಗದಕ್ಕಿಂತ ಒಂದು ಕೈ ಮಿಗಿಲು. ಅದು ವರ್ಗಾವಣೆಯ ಗೊಡವೆಗೂ ಹೋಗದೆ ಹಣವನ್ನಷ್ಟೇ ಪಡೆಯಿತು.

ಏಳು ಸಾವಿರ ಹೋದದ್ದೇ ನಷ್ಟವೆಂದು ಓದುಗರು ಎಣಿಸಬಾರದು. ನಿಜವಾದ ಪೆಟ್ಟು ಬಿದ್ದದ್ದು ಸೆಪ್ಟೆಂಬರಿನಲ್ಲಿ.

ಹೆಸರನ್ನು ನಮಗೆ ಮಾರಿದ ಸಂಸ್ಥೆಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಡಾಟ್ ಕಾಮ್‌ನಂತಹ ಹೆಸರುಗಳ ವಿಷಯದಲ್ಲಿ ಆ ಸಂಸ್ಥೆಯು ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಇನ್ನೊಮ್ಮೆ, ಅವಧಿ ಮುಗಿದ ಐದು ದಿನಗಳೊಳಗೆ ಮತ್ತೊಮ್ಮೆ ನೆನಪೋಲೆ ಕಳುಹಿಸಬೇಕೆಂದು ಐಕ್ಯಾನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮವಿದೆ. ಅದರಂತೆ ಆಗಸ್ಟಿನಲ್ಲಿ, ಸುಮಾರು ಸಾವಿರದ ಇನ್ನೂರು ರೂಪಾಯಿಯ ನಿಜವಾದ ಪತ್ರ ಬಂದಿತು. “ಜೂನಿನಾಗ ಕೊಟ್ಟೇವಿ, ಇದು ಯಾವುದೋ ಕಳ್ಳ ಪತ್ರ” ಎಂದು ಅದನ್ನು ಅಳಿಸಿಹಾಕಿದರು. ಎರಡನೆಯದಕ್ಕೂ ಅದೇ ಗತಿಯಾಯಿತು. ಮೂರನೆಯದು ತಲುಪಲೇ ಇಲ್ಲ. ಏಕೆಂದರೆ ಅಂಗಡಿಯ ಇ-ಅಂಚೆಯ ವಿಳಾಸವೂ ಅದೇ ಡೊಮೈನಿನ ಮೇಲಿತ್ತು, ಹೆಸರು ನಿಂತೊಡನೆ ಅಂಚೆಯೂ ನಿಂತಿತು. ಹತ್ತು ದಿನಗಳ ಮೇಲೆ, ದಸರೆಯ ವ್ಯಾಪಾರ ಕುದುರುವ ಹೊತ್ತಿಗೆ, ಸೊಲ್ಲಾಪುರದ ಹಳೆಯ ಗಿರಾಕಿಯೊಬ್ಬರು ದೂರವಾಣಿ ಮಾಡಿ, “ಏನ್ರಿ ಸಾವಕಾರ್ರ, ಅಂಗಡಿ ಬಂದ್ ಮಾಡಿದ್ರೇನು?” ಎಂದು ಕೇಳಿದಾಗಲೇ ಸಂಗತಿ ಬಯಲಾದದ್ದು.

ಬೆಂಗಳೂರಿನ ಹುಡುಗ ಕೂಡಲೇ lookup.icann.org ತೆರೆದು ಅಂಗಡಿಯ ಹೆಸರನ್ನು ಕೊಟ್ಟು ನೋಡಿದ. ಅಲ್ಲಿ ಅವನಿಗೊಂದು ಗೊಂದಲವೂ ಕಾದಿತ್ತು. ಅವಧಿಯ ಕಾಲಂನಲ್ಲಿ ಮುಂದಿನ ವರ್ಷದ ಸೆಪ್ಟೆಂಬರ್ 14 ಎಂದಿತ್ತು! ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆಯು ಅವಧಿ ಮುಗಿದೊಡನೆ ದಿನಾಂಕವನ್ನು ತಾನಾಗಿ ಒಂದು ವರ್ಷ ಮುಂದೂಡುತ್ತದೆ. ಮಾಲೀಕನು ಹಣ ಕಟ್ಟದಿದ್ದರೆ ರಿಜಿಸ್ಟ್ರಾರ್ ಅದನ್ನು ಅನಂತರ ರದ್ದುಮಾಡಬಹುದು. ಆದುದರಿಂದ ಅವಧಿ ಮುಗಿದ ಮೇಲಿನ ಕೆಲವು ವಾರಗಳಲ್ಲಿ ಆ ದಿನಾಂಕವನ್ನು ನಂಬಿ ಕೂರಬಾರದು. ನಂಬಬೇಕಾದದ್ದು ಅದೇ ಪುಟದಲ್ಲಿರುವ ರಿಜಿಸ್ಟ್ರಾರನ ಹೆಸರನ್ನು. ಬಿಲ್ಲು ಬರಬೇಕಾದದ್ದು ಆ ಸಂಸ್ಥೆಯಿಂದ, ಇಲ್ಲವೆ ಆ ಸಂಸ್ಥೆಯ ಪರವಾಗಿ ನಮಗೆ ಹೆಸರು ಮಾರಿದವರಿಂದ. ಬೇರೆ ಯಾರ ಹೆಸರಿದ್ದರೂ ಅದು ವ್ಯಾಪಾರದ ಆಹ್ವಾನ, ಸಾಲವಲ್ಲ. ನಮ್ಮ ದೇಶದ ಡಾಟ್ ಇನ್ ಹೆಸರುಗಳನ್ನು registry.in ನಲ್ಲಿ ನೋಡಬಹುದು. ಬಿಲ್ಲು ಭಾರತದ ಸಂಸ್ಥೆಯದೆಂದು ಹೇಳಿಕೊಂಡರೆ ಅದರ ಮೇಲೆ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡಬೇಕು, gst.gov.in ನಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಅದು ಯಾರದೆಂದು ತಿಳಿಯುತ್ತದೆ.

ಹುಡುಗನು ರಿಜಿಸ್ಟ್ರಾರನ ಖಾತೆಗೆ ತನ್ನ ಹಳೆಯ ಗುಪ್ತಪದದಿಂದ ಪ್ರವೇಶಿಸಿ ಅಂದೇ ಹಣ ಕಟ್ಟಿದ. ಹತ್ತೇ ದಿನವಾಗಿದ್ದುದರಿಂದ ಎಂದಿನ ದರಕ್ಕೇ ಹೆಸರು ಉಳಿಯಿತು. ಈ ವಿನಾಯಿತಿಯ ದಿನಗಳು ಎಷ್ಟೆಂಬುದು ರಿಜಿಸ್ಟ್ರಾರರಿಂದ ರಿಜಿಸ್ಟ್ರಾರರಿಗೆ ಬೇರೆ. ಅವು ಕಳೆದು ಹೆಸರು ರದ್ದಾದರೆ ಇನ್ನೂ 30 ದಿನಗಳ ಅವಕಾಶವುಂಟು, ಆದರೆ ಆಗ ಕೇಳುವ ಹಣ ಹಲವು ಪಟ್ಟು. ಅದೂ ಕಳೆದರೆ ಐದು ದಿನಗಳ ಮೇಲೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ‘ಇಂದೇ ಕಟ್ಟದಿದ್ದರೆ ನಾಳೆ ಹೆಸರು ಹೋದೀತು’ ಎಂದು ಮೂರು ತಿಂಗಳು ಮುಂಚೆಯೇ ಹೆದರಿಸುವ ಪತ್ರ ಎಷ್ಟು ಟೊಳ್ಳೆಂಬುದು ಇದರಿಂದ ತಿಳಿಯುತ್ತದೆ.

ಕಳೆದುಕೊಂಡ ಏಳು ಸಾವಿರದ ಬಗ್ಗೆ ಬ್ಯಾಂಕಿಗೆ ತಕರಾರು ಅರ್ಜಿ ಕೊಟ್ಟರು. 1930 ಸಂಖ್ಯೆಗೂ, cybercrime.gov.in ಗೂ ದೂರು ಸಲ್ಲಿಸಿದರು. ಹಣ ಇದುವರೆಗೆ ಬಂದಿಲ್ಲ. ಮಗನೇ ಕೈಯಾರೆ ಕಟ್ಟಿದ ಹಣ, ಕೆಳಗೆ ಆ ನಾಲ್ಕು ಸಾಲುಗಳ ರಕ್ಷಣೆ ಬೇರೆ; ಬಂದೀತೆಂಬ ಭರವಸೆ ನಮಗೂ ಇಲ್ಲ. ಕಟ್ಟದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಹಿರಿಯರು ಕೇಳಿದರು. ಏನೂ ಆಗುತ್ತಿರಲಿಲ್ಲ, ಇನ್ನೆರಡು ‘ಕೊನೆಯ ಸೂಚನೆ’ಗಳು ಬರುತ್ತಿದ್ದವು, ಅಷ್ಟೆ.

ನಾವು ಈಚೆಗೆ ಅಂಗಡಿಗೆ ಹೋಗಿದ್ದಾಗ ಹಿರಿಯರು ಕಿರ್ದಿಯ ಮೊದಲ ಪುಟವನ್ನು ತೆರೆದು ತೋರಿಸಿದರು. ಮಳಿಗೆಯ ಬಾಡಿಗೆ, ವಿದ್ಯುತ್ತಿನ ಮೀಟರ್ ಸಂಖ್ಯೆಗಳ ಕೆಳಗೆ ರಿಜಿಸ್ಟ್ರಾರನ ಹೆಸರು, ಸೆಪ್ಟೆಂಬರ್ 14, ಕಳೆದ ಸಲ ಕಟ್ಟಿದ ಮೊತ್ತ, ನೆನಪೋಲೆ ಬರಬೇಕಾದ ಬೇರೊಂದು ಇ-ಅಂಚೆಯ ವಿಳಾಸ, ಇಷ್ಟನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದರು.