ಗ್ಯಾಸ್ಕೆಟ್‌ಗೆ ಲೀಟರ್ ಲೆಕ್ಕ ಸಾಲದು



ಆನ್‌ಲೈನ್ ಮಳಿಗೆಗಳಲ್ಲಿ ಕುಕ್ಕರ್ ಗ್ಯಾಸ್ಕೆಟ್‌ಗೆ ‘3ರಿಂದ 5 ಲೀಟರ್‌ಗೆ ಹೊಂದುತ್ತದೆ’ ಎಂದಷ್ಟೇ ಬರೆದಿರುತ್ತಾರೆ. ಆದರೆ ಲೀಟರ್ ಒಂದೇ ಆದರೂ ಎತ್ತರದ ಕುಕ್ಕರಿನ ಬಾಯಿಯ ಅಳತೆ ಬೇರೆ, ಅಗಲದ ಕುಕ್ಕರಿನದು ಬೇರೆ. ಒಳಮುಚ್ಚಳದ ಗ್ಯಾಸ್ಕೆಟ್ಟಂತೂ ಹೊರಮುಚ್ಚಳದ್ದಕ್ಕೆ ಆಗಿಬರುವುದೇ ಇಲ್ಲ. ಸಡಿಲವಾದರೆ ಅಂಚಿನಿಂದ ಹಬೆ ಸೋರಿ ಸೀಟಿ ಕೂಗುವುದಿಲ್ಲ. ನೀರು ಇಂಗಿ ಬೇಳೆ ತಳ ಹಿಡಿಯುತ್ತದೆ. ದೊಡ್ಡದಾದರೆ ಸುಕ್ಕುಗಟ್ಟಿ ಮುಚ್ಚಳವೇ ಕೂರುವುದಿಲ್ಲ. ನಮ್ಮ ಮನೆಗೆ ಬಂದದ್ದು ಅಂಥದ್ದೇ.

ಮಾರಾಟಗಾರರು ಒಂದು ಕೋಷ್ಟಕ ಕೊಡಲಿ: ಮಾದರಿಯ ಹೆಸರು, ಲೀಟರ್, ಮುಚ್ಚಳದ ಬಗೆ, ಗ್ಯಾಸ್ಕೆಟ್‌ನ ಹೊರವ್ಯಾಸ ಮಿಲಿಮೀಟರಿನಲ್ಲಿ. ಜತೆಗೆ, ನೋಡಲು ಒಂದೇ ಥರ ಇದ್ದೂ ಹೊಂದದ ಮಾದರಿಗಳನ್ನೂ ಅದರಲ್ಲೇ ಹೆಸರಿಸಲಿ. ಜನ ಎಡವುವುದು ಅಲ್ಲೇ. ಅಲ್ಲಿಯವರೆಗೆ ಗ್ರಾಹಕರು ಹಳೆಯ ಗ್ಯಾಸ್ಕೆಟ್ ಎಸೆಯುವ ಮುನ್ನ ಅದರ ಮೇಲಿನ ಅಚ್ಚು ಓದಿಟ್ಟುಕೊಳ್ಳುವುದು ಒಳ್ಳೆಯದು.

– ಒಬ್ಬ ಓದುಗ, ಮೈಸೂರು