ಪಟ್ಟಿಯೋ, ವೇಳಾಪಟ್ಟಿಯೋ?

ನನ್ನ ತಂಗಿಯ ಮೊಮ್ಮಗಳು ಹರಿಹರದಲ್ಲಿದ್ದುಕೊಂಡು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಊರುಗಳ ನಡುವಿನ ದಾರಿ ಹದಿನಾಲ್ಕು ಕಿಲೋಮೀಟರಿನಷ್ಟೇ ಆದರೂ ಮನೆಯಿಂದ ತರಗತಿಯ ಬಾಗಿಲಿಗೆ ಒಂದು ಗಂಟೆ ಹಿಡಿಯುತ್ತದೆ. ಕಳೆದ ಸೆಮಿಸ್ಟರಿನಲ್ಲೊಮ್ಮೆ ಆಕೆ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ಎಲ್ಲಾ ಇದ್ರಾಗ ಬರ್ದೀನಿ ಅಜ್ಜ, ಆದ್ರೂ ಯಾವ್ದೂ ಮುಗೀವಲ್ದು" ಎಂದು ಬೇಸರಪಟ್ಟುಕೊಂಡಳು. ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದು, ಮುಗಿದೊಡನೆ ಗುರುತು ಹಾಕುವ ಸರಳವಾದ ಆ್ಯಪ್ ಅದು. ಪಟ್ಟಿಯೇನೋ ಅಚ್ಚುಕಟ್ಟಾಗಿತ್ತು. ಆದರೆ ಗ್ರಂಥಾಲಯಕ್ಕೆ ಪುಸ್ತಕ ಮರಳಿಸುವುದೂ ಆಂತರಿಕ ಪರೀಕ್ಷೆಗೆ ಓದುವುದೂ ಅದರಲ್ಲಿ ಒಂದೊಂದೇ ಸಾಲಾಗಿದ್ದವು. ಹತ್ತು ನಿಮಿಷದ ಕೆಲಸಕ್ಕೂ ಮೂರು ಗಂಟೆಯ ಕೆಲಸಕ್ಕೂ ಕಣ್ಣಿಗೆ ಭೇದವೇ ಇಲ್ಲ.

ಶಾಲೆಯ ವೇಳಾಪಟ್ಟಿಯನ್ನು ಹಲವು ವರ್ಷ ತಯಾರಿಸಿದವನು ನಾನು. ಅಲ್ಲಿ ಗಣಿತಕ್ಕೆ ಒಂದು ಪೀರಿಯಡ್ಡು ಹೆಚ್ಚು ಬೇಕೆಂದರೆ ಚಿತ್ರಕಲೆಯದನ್ನೋ ಆಟದ್ದನ್ನೋ ಕಿತ್ತುಕೊಳ್ಳದೆ ವಿಧಿಯಿಲ್ಲ. (ಆ ಜಗಳಗಳ ಕಥೆ ಇನ್ನೊಮ್ಮೆ ಬರೆಯುತ್ತೇನೆ.) ಕ್ಯಾಲೆಂಡರ್ ಆ್ಯಪ್‌ಗೂ ಇದೇ ಗುಣವಿದೆ: ಒಂದು ಗಂಟೆಯ ಮನೆಯಲ್ಲಿ ಎರಡು ಕೆಲಸಗಳು ಹಿಡಿಸುವುದಿಲ್ಲ. ಪಟ್ಟಿಗೆ ಅಂತಹ ಗೋಡೆಗಳಿಲ್ಲ.

ಆದ್ದರಿಂದ ಒಂದು ಮಂಗಳವಾರ ಸಂಜೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮನೆಗೆ ಬಂದು, ಕೈಕಾಲು ತೊಳೆದು, ಊಟದ ಹೊತ್ತನ್ನು ಬಿಟ್ಟರೆ ಆಕೆಗೆ ಉಳಿಯುವುದು ಎರಡೂಮುಕ್ಕಾಲು ಗಂಟೆ. ಬುಧವಾರ ಪ್ರಯೋಗಾಲಯದ ರೆಕಾರ್ಡ್ ಒಪ್ಪಿಸಬೇಕು, ಅದಕ್ಕೆ ಒಂದೂವರೆ ಗಂಟೆ; ಸೆಮಿನಾರಿನ ಸಿದ್ಧತೆಗೆ ಒಂದು ಗಂಟೆ; ಗುರುವಾರದ ಅಸೈನ್‌ಮೆಂಟಿಗೆ ಎರಡು ಗಂಟೆ; ಶುಕ್ರವಾರದ ಪರೀಕ್ಷೆಗೆ ಮೂರು ಗಂಟೆಯ ಓದು. ಒಟ್ಟು ಏಳೂವರೆ ಗಂಟೆ. ಮೂರು ಸಂಜೆಗಳಿಂದ ಸಿಗುವುದು ಎಂಟೂಕಾಲು. ಮುಕ್ಕಾಲು ಗಂಟೆ ಮಿಗುತ್ತದೆ ಎಂದು ಹುಡುಗಿಯ ಮುಖ ಅರಳಿತು. ಮಂಗಳವಾರ ರೆಕಾರ್ಡ್ ಮತ್ತು ಸೆಮಿನಾರ್, ಬುಧವಾರ ಅಸೈನ್‌ಮೆಂಟ್ ಮತ್ತು ಮುಕ್ಕಾಲು ಗಂಟೆ ಓದು, ಗುರುವಾರ ಉಳಿದ ಎರಡೂಕಾಲು ಗಂಟೆ ಓದು ಎಂದು ಕ್ಯಾಲೆಂಡರಿನಲ್ಲಿ ಬಣ್ಣಬಣ್ಣದ ಚೌಕಗಳನ್ನು ತುಂಬಿದಳು. ನಾನೂ ನನ್ನ ಜಾಣ್ಮೆಗೆ ಬೀಗಿದೆನೆಂದು ಒಪ್ಪಿಕೊಳ್ಳಬೇಕು.

ಬುಧವಾರ ಸಂಜೆ ಮನೆಗೆ ನೆಂಟರು ಬಂದರು. ಚೌಕದ ಹೊತ್ತು ಬಂತು, ಮೊಬೈಲು ಒಮ್ಮೆ ಗುಂಯ್‌ಗುಟ್ಟಿತು, ಹೊತ್ತು ಹೋಯಿತು. ಗುರುವಾರ ಬೆಳಿಗ್ಗೆ ಆಕೆ ತೆರೆದು ನೋಡಿದ್ದು ಆ ದಿನದ ಪುಟವನ್ನು. ಅಲ್ಲಿದ್ದುದು ತರಗತಿಗಳು ಮತ್ತು ಸಂಜೆಯ ಓದು ಮಾತ್ರ. ಅಸೈನ್‌ಮೆಂಟು ನಿನ್ನೆಯ ಪುಟದಲ್ಲಿ, ಮಾಡಿ ಮುಗಿಸಿದ ಕೆಲಸದಂತೆಯೇ ತಣ್ಣಗೆ ಕುಳಿತಿತ್ತು. ಗೆಳತಿ ಕೇಳಿದಾಗಲೇ ಅವಳಿಗೆ ನೆನಪು. ಒಂದು ದಿನ ತಡವಾಗಿ ಒಪ್ಪಿಸಿ ಎರಡು ಅಂಕ ಕಳೆದುಕೊಂಡಳು.

ನಾನು ಗಮನಿಸದೆ ಹೋದದ್ದು ಇದನ್ನೇ. ಕ್ಯಾಲೆಂಡರಿಗೆ ಹೊತ್ತು ಕಳೆದದ್ದು ಗೊತ್ತಾಗುತ್ತದೆ, ಕೆಲಸ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಪಟ್ಟಿಗೆ ಹೊತ್ತಿನ ಅರಿವಿಲ್ಲ, ಆದರೆ ಗುರುತು ಬೀಳುವವರೆಗೆ ಅದು ಕೆಲಸವನ್ನು ಬಿಟ್ಟುಕೊಡುವುದಿಲ್ಲ. ಪಟ್ಟಿಗಳಲ್ಲಿಯೂ ಎಚ್ಚರ ಬೇಕೆನ್ನಿ. ಮೈಕ್ರೋಸಾಫ್ಟ್ ಟು ಡು ಆ್ಯಪ್‌ನ ‘ಮೈ ಡೇ’ ಎಂಬ ಪುಟ ಪ್ರತಿ ರಾತ್ರಿ ತಾನೇ ಬರಿದಾಗುತ್ತದೆ. ಮುಗಿಯದ ಕೆಲಸ ಮೂಲ ಪಟ್ಟಿಯಲ್ಲಿ ಉಳಿದಿರುತ್ತದಾದರೂ ಮರುದಿನಕ್ಕೆ ಅದನ್ನು ನಾವೇ ಮತ್ತೆ ಆರಿಸಿಕೊಳ್ಳಬೇಕು.

ಬಹುಮಂದಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಒಂದೇ ಸಾಕೆಂದರೆ ಸಾಮಾನ್ಯ ವಾರಕ್ಕೆ ನಾನು ಪಟ್ಟಿಯನ್ನೇ ಆರಿಸುತ್ತೇನೆ. ಅಲುಗಾಡದ ವೇಳಾಪಟ್ಟಿಯನ್ನು ಕಾಲೇಜೇ ಕೊಟ್ಟಿರುವಾಗ ಉಳಿದ ಎರಡು ಮೂರು ಗಂಟೆಗಳಿಗೂ ಗೋಡೆ ಕಟ್ಟುವುದು ವ್ಯರ್ಥ ಶ್ರಮ. ನೆಂಟರು ಬಂದಾಗಲೆಲ್ಲ ಚೌಕಗಳನ್ನು ಎಳೆದು ಸರಿಸುತ್ತ ಕೂರುವುದೇ ಒಂದು ಕೆಲಸವಾಗುತ್ತದೆ. ಆದರೆ ಆಂತರಿಕ ಪರೀಕ್ಷೆಯ ವಾರದಲ್ಲಿ ಪಟ್ಟಿಯನ್ನು ನಂಬಲಾರೆ. ಏಳೂವರೆ ಗಂಟೆಯ ಕೆಲಸ ಎಂಟೂಕಾಲು ಗಂಟೆಯಲ್ಲಿ ಹಿಡಿಸುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಲು ಅದಕ್ಕೆ ಬಾರದು.

ಈಗ ಆಕೆ ತರಗತಿ, ಪರೀಕ್ಷೆ, ಒಪ್ಪಿಸುವ ಕಡೆಯ ದಿನ ಇಷ್ಟನ್ನು ಮಾತ್ರ ಕ್ಯಾಲೆಂಡರಿನಲ್ಲಿ ಇಟ್ಟಿದ್ದಾಳೆ. ಮಿಕ್ಕದ್ದೆಲ್ಲ ಪಟ್ಟಿಯಲ್ಲಿದೆ, ಪ್ರತಿ ಸಾಲಿನ ಕೊನೆಗೆ ತಗಲುವ ನಿಮಿಷಗಳ ಅಂಕಿಯೊಡನೆ. ಪರೀಕ್ಷೆಯ ವಾರದಲ್ಲಿ ಆ ಸಾಲುಗಳನ್ನು ಚೌಕಗಳಿಗೆ ಇಳಿಸುತ್ತಾಳೆ, ಆದರೆ ಗುರುತು ಹಾಕುವವರೆಗೆ ಪಟ್ಟಿಯಿಂದ ಅಳಿಸುವುದಿಲ್ಲ. ಮಲಗುವ ಮುನ್ನ ಐದು ನಿಮಿಷ ಎರಡನ್ನೂ ಅಕ್ಕಪಕ್ಕ ನೋಡುತ್ತಾಳಂತೆ. ಒಂದು ಮಾತು ಮಾತ್ರ ಕೇಳುತ್ತಿಲ್ಲ: ಬಸ್ಸಿನ ಗಂಟೆಯನ್ನೂ ಓದಿನ ಹೊತ್ತೆಂದು ಲೆಕ್ಕ ಹಿಡಿಯುತ್ತಾಳೆ. ಸೀಟು ಸಿಕ್ಕರೆ ತಾನೇ ಓದುವುದು!