ಪ್ರಶ್ನೆಯ ಕೆಳಗೆ ಉತ್ತರವೋ, ಹೊಸ ಪತ್ರವೋ?

ಬೀಗರು ಇ-ಮೇಲಿನಲ್ಲಿ ಮೂರು ವಿಷಯ ಕೇಳಿದ್ದಾರೆಂದು ಭಾವಿಸೋಣ: ನಿಮ್ಮ ಕಡೆಯಿಂದ ಎಷ್ಟು ಜನ ಬರುವರು? ಅಡುಗೆಯವರಿಗೆ ಮುಂಗಡ ಕೊಡುವವರು ಯಾರು? ಲಗ್ನಪತ್ರಿಕೆಯಲ್ಲಿ ಯಾವ ಹಿರಿಯರ ಹೆಸರು ಮೊದಲು?

ಈ ಉತ್ತರಗಳು ಒಂದನ್ನೊಂದು ಅವಲಂಬಿಸಿಲ್ಲ. ಆದ್ದರಿಂದ ಅವರ ಪತ್ರದಲ್ಲಿಯೇ ಆಯಾ ಪ್ರಶ್ನೆಯ ಕೆಳಗೆ ಉತ್ತರ ಬರೆಯುವುದು ಲೇಸು. ಪ್ರಶ್ನೆಗಳನ್ನುಳಿದು ಮಿಕ್ಕ ಸಾಲುಗಳನ್ನು ಅಳಿಸಿರಿ. ‘ಉತ್ತರಗಳು ಆಯಾ ಪ್ರಶ್ನೆಯ ಕೆಳಗಿವೆ’ ಎಂದು ಮೊದಲಿಗೇ ತಿಳಿಸಿರಿ. ಇಲ್ಲವಾದರೆ ತಮ್ಮ ಪತ್ರವೇ ಮರಳಿ ಬಂದಿತೆಂದು ಅವರು ಮುಚ್ಚಿಬಿಡಬಹುದು. ಉತ್ತರವನ್ನು ಬಣ್ಣದಿಂದಷ್ಟೇ ಬೇರ್ಪಡಿಸುವುದು ಸಾಲದು. ಬರಿಯ ಅಕ್ಷರರೂಪದಲ್ಲಿ ತೆರೆದಾಗ ಬಣ್ಣ ಉಳಿಯದು. ಯಾರ ಮಾತು ಯಾವುದೆಂಬುದು ತಿಳಿಯದು. ಪ್ರತಿ ಉತ್ತರದ ಮೇಲೂ ಕೆಳಗೂ ಒಂದು ಸಾಲು ಖಾಲಿ ಬಿಟ್ಟು, ‘ಉತ್ತರ:’ ಎಂದು ಆರಂಭಿಸಿರಿ.

ಆದರೆ ಮುಹೂರ್ತವನ್ನೇ ಮುಂದೂಡಬೇಕಾಗಿ ಬಂದರೆ? ಆಗ ಮೂರು ಪ್ರಶ್ನೆಗಳ ಬುಡವೇ ಅಲುಗುತ್ತದೆ. ಕಾರಣವನ್ನು ತುಂಡು ತುಂಡಾಗಿ ಹಂಚಿದರೆ ಮುಖ್ಯ ಸಂಗತಿ ಮರೆಯಾಗುತ್ತದೆ. ಆಗ ‘ಮುಹೂರ್ತದ ಬದಲಾವಣೆ’ ಎಂಬ ವಿಷಯಸಾಲಿನೊಡನೆ ಹೊಸ ಪತ್ರವನ್ನೇ ತೆರೆಯಬೇಕು. ‘ರಿಪ್ಲೈ’ ಒತ್ತಿ ವಿಷಯಸಾಲನ್ನಷ್ಟೇ ತಿದ್ದಿದರೆ ಸಾಲದು. ಹಳೆಯ ಪತ್ರದ ಗುರುತು ಒಳಗೆ ಉಳಿಯುವುದರಿಂದ, ಕೆಲವು ಮೇಲ್ ವ್ಯವಸ್ಥೆಗಳು ಅದನ್ನು ಹಳೆಯ ಸರಣಿಯಲ್ಲಿಯೇ ಸೇರಿಸುತ್ತವೆ.

ಬಿಡಿ ಪ್ರಶ್ನೆಗೆ ಬಿಡಿ ಉತ್ತರ. ಇಡೀ ನಿರ್ಧಾರ ಬದಲಾದಾಗ ಇಡಿಯಾದ ಪತ್ರ.